ಲಿಫ್ಟ್ ವಿಷಯಕ್ಕೆ ಮೂರು ಸಭೆ ಕರೆದರೂ ತೀರ್ಮಾನ ಆಗಿಲ್ಲ. ನೋಟಿಸ್‌ನಲ್ಲೇ ತಪ್ಪಿದೆಯಾ?

ಬಿ_ಬ್ಲಾಕ್_ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಎರಡು ಬ್ಲಾಕ್, ಒಟ್ಟು 60 ಮನೆ, ನೆಲಮಹಡಿ ಬಿಟ್ಟು ಐದು ಮಹಡಿ. ಬ್ಲಾಕಿಗೊಂದು ಲಿಫ್ಟ್. ಎರಡಕ್ಕೂ 16 ವರ್ಷ ಆಗಿದೆ. ಹೋದ ತಿಂಗಳು ಎ ಬ್ಲಾಕಿನದು ನಾಲ್ಕು ಸಲ ಮಧ್ಯದಲ್ಲಿ ನಿಂತಿತು. ಒಂದು ಸಲ ಡಯಾಲಿಸಿಸ್ ಮುಗಿಸಿ ಬಂದ ಹಿರಿಯರೊಬ್ಬರು ಒಳಗೆ ಸಿಕ್ಕಿಹಾಕಿಕೊಂಡರು. 25 ನಿಮಿಷ. ಅವರು ಹೊರಗೆ ಬಂದಾಗ ಮುಖ ನೋಡಿದವಳು ನಾನು. ಇನ್ನೂ ಮರೆತಿಲ್ಲ.

ಮೂರು ಸಲ ಸಭೆ ಕರೆದೆವು. ಕೊನೆಯ ನೋಟಿಸ್ ಹೀಗಿತ್ತು:

> ಆತ್ಮೀಯ ಸದಸ್ಯರೇ, ಭಾನುವಾರ ಬೆಳಿಗ್ಗೆ 10.30ಕ್ಕೆ ಕ್ಲಬ್ ಹೌಸ್‌ನಲ್ಲಿ ಲಿಫ್ಟ್ ವಿಷಯವಾಗಿ ಚರ್ಚಿಸಲು ಸಭೆ ಕರೆಯಲಾಗಿದೆ. ಎಲ್ಲರೂ ತಪ್ಪದೇ ಹಾಜರಾಗಿ ತಮ್ಮ ಸಲಹೆ ಸೂಚನೆಗಳನ್ನು ನೀಡಬೇಕಾಗಿ ವಿನಂತಿ.

ಮೊದಲ ಸಭೆ ಈಗಿನ ಮೆಂಟೆನೆನ್ಸ್ ಕಂಪನಿಯನ್ನು ಬೈಯುವುದರಲ್ಲೇ ಮುಗಿಯಿತು. ಎರಡನೆಯದರಲ್ಲಿ ಒಬ್ಬರು ಇನ್ನೊಂದು ಕೊಟೇಶನ್ ಬೇಕು ಅಂದರು. ಮೂರನೆಯದರಲ್ಲಿ ನೆಲಮಹಡಿಯವರು "ನಾವು ಲಿಫ್ಟ್ ಹತ್ತೋದೇ ಇಲ್ಲ, ನಾವ್ಯಾಕೆ ದುಡ್ಡು ಕೊಡಬೇಕು" ಅಂತ ಕೇಳಿದರು. ಅಲ್ಲಿಗೆ ಎಲ್ಲ ನಿಂತುಹೋಯಿತು. ಒಂದೊಂದು ಸಭೆಯೂ ಎರಡೆರಡು ಗಂಟೆ. ನಾಲ್ಕನೇ ಸಲ ಕರೆಯುವ ಮೊದಲು ಕೇಳ್ತಾ ಇದ್ದೀನಿ. ನೋಟಿಸ್ ಹೇಗೆ ಬರೆದರೆ ಜನ ತಯಾರಾಗಿ ಬಂದು ತೀರ್ಮಾನ ಮಾಡಿ ಏಳ್ತಾರೆ?

---

ಮಲ್ಲೇಶ್ವರದ_ಅಜ್ಜಿ

ಅಮ್ಮಾ, ಜನ ಬರಬೇಕು ಅಂದ್ರೆ ನೋಟಿಸ್‌ನಲ್ಲೇ ತಿಂಡಿ ಕಾಫಿ ಇದೆ ಅಂತ ಬರೆದುಬಿಡಿ. ನಮ್ಮ ರಸ್ತೆ ಸಂಘದಲ್ಲಿ ಇಡ್ಲಿ ವಡೆ ಇಟ್ಟ ಮೇಲೆ ಹತ್ತು ಜನ ಬರೋ ಕಡೆ ಮೂವತ್ತು ಜನ ಬಂದರು. ಫೋನ್ ಮಾಡಿ ಒಬ್ಬೊಬ್ಬರನ್ನೂ ಕರೆಯಿರಿ, ಮನೆಗೆ ಹೋಗಿ ಹೇಳಿದರೆ ಇನ್ನೂ ಒಳ್ಳೇದು.

---

ಬಿ_ಬ್ಲಾಕ್_ಕಾರ್ಯದರ್ಶಿ

ಅಮ್ಮಾ, ಜನ ಬರ್ತಾ ಇದ್ದಾರೆ. ಕಳೆದ ಸಲ 41 ಮನೆಯವರು ಬಂದಿದ್ದರು. ಬಂದವರು ತೀರ್ಮಾನ ಮಾಡದೆ ಹೋಗ್ತಾರೆ, ಅದೇ ಕಷ್ಟ. ಕಾಫಿ ಮಾತ್ರ ಖಂಡಿತ ಇಡ್ತೀವಿ.

---

ನಡಾವಳಿ_ಪುಸ್ತಕ

ಮೇಡಂ, ನಾನು ಕಂಪನಿ ಸೆಕ್ರೆಟರಿ. 22 ವರ್ಷದಿಂದ ಸಭೆಯ ನೋಟಿಸ್ ಬರೆಯೋದೇ ಕೆಲಸ. ನಿಮ್ಮ ನೋಟಿಸ್‌ನಲ್ಲಿ ಎರಡು ಕ್ರಿಯಾಪದ ಇವೆ, "ಚರ್ಚಿಸಲು" ಮತ್ತು "ಸಲಹೆ ನೀಡಲು". ಜನ ಬಂದರು, ಚರ್ಚಿಸಿದರು, ಸಲಹೆ ಕೊಟ್ಟರು, ಎದ್ದು ಹೋದರು. ನೀವು ಏನು ಕೇಳಿದಿರೋ ಅದನ್ನು ಪೂರ್ತಿ ಮಾಡಿದ್ದಾರೆ. ಅವರದ್ದೇನೂ ತಪ್ಪಿಲ್ಲ.

ನಾನು ಯಾವ ನೋಟಿಸ್ ಬರೆಯೋಕೆ ಕೂತರೂ ಮೊದಲು ಬರೆಯೋದು ನೋಟಿಸ್ ಅಲ್ಲ. ಸಭೆ ಚೆನ್ನಾಗಿ ಮುಗಿದರೆ ನಡಾವಳಿ ಪುಸ್ತಕದಲ್ಲಿ ಯಾವ ಠರಾವು ಬರೆಯುತ್ತೀವಿ, ಆ ಒಂದು ವಾಕ್ಯ. ಅದು ಸಿಕ್ಕಿದ ಮೇಲೆ ನೋಟಿಸ್ ಸುಲಭ. ಅದನ್ನು ಬರೆಯೋಕೆ ಆಗಲಿಲ್ಲ ಅಂದರೆ ಸಭೆ ಕರೆಯೋ ಹೊತ್ತು ಇನ್ನೂ ಬಂದಿಲ್ಲ ಅಂತ ಅರ್ಥ.

ನಿಮ್ಮ ಲಿಫ್ಟ್ ಸಭೆಯ ಠರಾವನ್ನು ಇಲ್ಲೇ ಬರೆದು ತೋರಿಸ್ತೀರಾ? ತಪ್ಪಾದರೂ ಪರವಾಗಿಲ್ಲ.

---

ಬಿ_ಬ್ಲಾಕ್_ಕಾರ್ಯದರ್ಶಿ

"ಎರಡೂ ಲಿಫ್ಟ್‌ಗಳನ್ನು ಬದಲಾಯಿಸಲು ಸಭೆಯು ತೀರ್ಮಾನಿಸಿತು."

---

ನಡಾವಳಿ_ಪುಸ್ತಕ

ಈ ಠರಾವು ಪಾಸಾಯಿತು ಅಂತ ಇಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ನೀವು ಯಾರಿಗೆ ಚೆಕ್ ಬರೆಯುತ್ತೀರಿ? ಎಷ್ಟಕ್ಕೆ? ಯಾವ ಹಣದಿಂದ? ಕಡಿಮೆ ಬಿದ್ದದ್ದನ್ನು ಯಾರು, ಯಾವ ತಾರೀಖಿನೊಳಗೆ ಕೊಡ್ತಾರೆ? ಆರ್ಡರ್‌ಗೆ ಸಹಿ ಹಾಕೋರು ಯಾರು? ಇವಕ್ಕೆಲ್ಲ ಉತ್ತರ ಆ ವಾಕ್ಯದಲ್ಲೇ ಸಿಗಬೇಕು. ಇಲ್ಲದಿದ್ದರೆ ಸೋಮವಾರ ಮತ್ತೆ ವಾಟ್ಸಾಪ್ ಗ್ರೂಪ್‌ನಲ್ಲಿ ಅದೇ ಜಗಳ ಶುರುವಾಗುತ್ತೆ.

---

ನಿಯಮ_ಗೊತ್ತು

ಮುಖ್ಯವಾದ ವಿಷಯ ಯಾರೂ ಹೇಳಲಿಲ್ಲ. ಸಾಮಾನ್ಯ ಸಭೆಗೆ 21 ದಿನದ ನೋಟಿಸ್ ಕಡ್ಡಾಯ. ಕಾನೂನಿನಲ್ಲೇ ಇದೆ. ನೀವು ಎಷ್ಟು ದಿನ ಮೊದಲು ಕಳಿಸಿದ್ದಿರಿ? ಕಡಿಮೆ ಇದ್ದರೆ ಮೂರೂ ಸಭೆ ಅಸಿಂಧು. ಇನ್ನೊಂದು, ಎಲ್ಲ ಕೊಟೇಶನ್ ಪೂರ್ತಿ ಅಟ್ಯಾಚ್ ಮಾಡಿ ಕಳಿಸಿ. ಆಮೇಲೆ ಯಾರೂ ನಮಗೆ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ.

---

ನಡಾವಳಿ_ಪುಸ್ತಕ

21 ದಿನ ಅನ್ನೋದು 2013ರ ಕಂಪನಿ ಕಾಯ್ದೆಯ 101ನೇ ಸೆಕ್ಷನ್. ಅದು ಕಂಪನಿಗಳ ಸಾಮಾನ್ಯ ಸಭೆಗೆ. ಅಪಾರ್ಟ್‌ಮೆಂಟ್ ಸಂಘ ಯಾವ ಕಾಯ್ದೆಯಲ್ಲಿ ನೋಂದಣಿ ಆಗಿದೆ, ಅದರ ಬೈಲಾ ಏನು ಹೇಳುತ್ತೆ ಅಂತ ನೋಡಬೇಕು. ಆದರೆ ಎಷ್ಟು ದಿನ ಮೊದಲು ಕಳಿಸಿದ್ದಿರಿ ಅಂತ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ದಿನ ಎಣಿಸುವಾಗ ನೋಟಿಸ್ ಕಳಿಸಿದ ದಿನ ಮತ್ತು ಸಭೆಯ ದಿನ ಎರಡನ್ನೂ ಬಿಟ್ಟು ಎಣಿಸೋದು ಒಳ್ಳೆಯ ಅಭ್ಯಾಸ.

ಅದೇ ಕಾಯ್ದೆಯ 102ನೇ ಸೆಕ್ಷನ್ ನಮಗೆ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತೆ. ವಿಶೇಷ ವಿಷಯ ಇದ್ದರೆ ನೋಟಿಸ್ ಜೊತೆ ಒಂದು ವಿವರಣಾ ಟಿಪ್ಪಣಿ ಇರಬೇಕು, ಸದಸ್ಯ ಆ ವಿಷಯ ಅರ್ಥ ಮಾಡಿಕೊಂಡು ತೀರ್ಮಾನಕ್ಕೆ ಬರೋಕೆ ಬೇಕಾದ ಸಂಗತಿ ಅದರಲ್ಲಿ ಇರಬೇಕು. ಸಂಘಕ್ಕೆ ಅದು ಕಡ್ಡಾಯ ಅಲ್ಲ, ಆದರೆ ಆ ಪದ್ಧತಿ ತುಂಬ ಒಳ್ಳೇದು. ಕೊಟೇಶನ್ ಪೂರ್ತಿ ಕಳಿಸೋದು ಬೇರೆ, ತೀರ್ಮಾನಕ್ಕೆ ಬೇಕಾದ್ದನ್ನು ಆರಿಸಿ ಕೊಡೋದು ಬೇರೆ.

---

ಬಿ_ಬ್ಲಾಕ್_ಕಾರ್ಯದರ್ಶಿ

ಎರಡನೇ ಸಭೆಗೆ ಪೂರ್ತಿ ಕೊಟೇಶನ್ ಕಳಿಸಿದ್ದೆ ಸರ್. ಮೂರು ಪಿಡಿಎಫ್, 38 ಪುಟ. "ದಯವಿಟ್ಟು ಓದಿಕೊಂಡು ಬನ್ನಿ" ಅಂತ ಬರೆದಿದ್ದೆ. ಓದಿ ಬಂದವರು ಇಬ್ಬರೇ. ಆ ಇಬ್ಬರಲ್ಲೇ ಒಬ್ಬರು ಇನ್ನೊಂದು ಕೊಟೇಶನ್ ಕೇಳಿದ್ದು.

ಠರಾವು ಮತ್ತೆ ಬರೆಯೋಕೆ ಕೂತೆ. "ಎರಡೂ ಹಳೆಯ ಲಿಫ್ಟ್ ತೆಗೆದು ಹೊಸದನ್ನು, ಜಿಎಸ್‌ಟಿ ಸೇರಿ 33.04 ಲಕ್ಷ ಮೀರದಂತೆ ಹಾಕಿಸಲು, ಸಂಘದ ನಿಧಿಯಿಂದ 19 ಲಕ್ಷ ಬಳಸಲು, ಉಳಿದ 14.04 ಲಕ್ಷವನ್ನು ಸದಸ್ಯರಿಂದ..." ಇಲ್ಲಿಗೆ ಬಂದು ಕೈ ನಿಂತಿತು. ಸದಸ್ಯರಿಂದ ಹೇಗೆ? 60 ಮನೆಗೂ ಸಮನಾಗಿ ಹಂಚಿದರೆ 23,400. ನೆಲಮಹಡಿಯ 10 ಮನೆ ಬಿಟ್ಟರೆ ಉಳಿದ 50 ಮನೆಗೆ 28,080. ಹಾಗಾದರೆ ಮೊದಲು ಪಾಲಿನ ಬಗ್ಗೆ ಒಂದು ಸಭೆ, ಆಮೇಲೆ ಲಿಫ್ಟ್ ಬಗ್ಗೆ ಇನ್ನೊಂದು ಸಭೆ ಕರೆಯಬೇಕಾ?

---

ನಡಾವಳಿ_ಪುಸ್ತಕ

ನೋಡಿ, ಮೂರನೇ ಸಭೆ ನಿಂತದ್ದೂ ಇದೇ ಜಾಗದಲ್ಲಿ ಅಲ್ವಾ? ಸಭೆಯಲ್ಲಿ 41 ಜನರ ಮುಂದೆ ಎಡವಿದ ಕಲ್ಲು ಈಗ ನಿಮ್ಮ ಮೇಜಿನ ಮೇಲೆ ಸಿಕ್ಕಿತು.

ಆದರೆ ಪಾಲಿನ ಬಗ್ಗೆ ಸಭೆ ಕರೆಯೋಕೆ ಅವಸರ ಮಾಡಬೇಡಿ. ಮೊದಲು ನಿಮ್ಮ ಡೀಡ್ ಆಫ್ ಡಿಕ್ಲರೇಷನ್ ಮತ್ತು ಬೈಲಾ ತೆಗೆದು ನೋಡಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಸಾಮಾನ್ಯ ಖರ್ಚು ಹಂಚೋದು ಸಾಮಾನ್ಯ ಜಾಗದಲ್ಲಿ ಆಯಾ ಮನೆಗೆ ಇರುವ ಅವಿಭಜಿತ ಪಾಲಿನ ಪ್ರಕಾರ. ನಿಮ್ಮಲ್ಲೂ ಹಾಗೆ ಬರೆದಿದ್ದರೆ ಅದು ಈ ಸಭೆ ಕೈ ಎತ್ತಿ ಬದಲಾಯಿಸೋ ವಿಷಯವೇ ಅಲ್ಲ. ಸಭೆಗೆ ಅಧಿಕಾರ ಇಲ್ಲದ ವಿಷಯವನ್ನು ತೀರ್ಮಾನಕ್ಕೆ ಅಂತ ನೋಟಿಸ್‌ನಲ್ಲಿ ಹಾಕಿದರೆ ಆಮೇಲೆ ದೊಡ್ಡ ತೊಂದರೆ. ಅದನ್ನು ತಿಳುವಳಿಕೆಗೆ ಅಂತ ಹಾಕಬೇಕು.

---

ಹಾಸನದ_ಮೇಷ್ಟ್ರು

ನಮ್ಮೂರಿನ ಹಾಲಿನ ಸೊಸೈಟಿಯ ಅನುಭವ ಹೇಳ್ತೀನಿ. ಅಲ್ಲಿ ಈಗಲೂ ನೋಟಿಸ್ ಪುಸ್ತಕ ಹಿಡಿದುಕೊಂಡು ಒಬ್ಬ ಹುಡುಗ ಮನೆ ಮನೆಗೆ ಬಂದು ಸಹಿ ಹಾಕಿಸ್ತಾನೆ. ಕೊನೆಯ ವಿಷಯ ಯಾವಾಗಲೂ ಒಂದೇ. "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು."

ಒಂದು ವರ್ಷ ಲೆಕ್ಕಪತ್ರ ಮುಗಿದು ಅರ್ಧ ಜನ ಹಾಲು ಕರೆಯೋ ಹೊತ್ತಾಯಿತು ಅಂತ ಎದ್ದು ಹೋದರು. ಆಮೇಲೆ ಆ "ಇತರ ವಿಷಯ"ದ ಅಡಿಯಲ್ಲಿ ಹಾಲು ಪರೀಕ್ಷೆ ಮಾಡೋ ಹೊಸ ಯಂತ್ರ ಕೊಳ್ಳೋ ತೀರ್ಮಾನ ಆಯಿತು. ಯಂತ್ರ ಒಳ್ಳೆಯದೇ. ಆದರೆ ಎದ್ದು ಹೋದವರಿಗೆ ನಮ್ಮನ್ನು ಬಿಟ್ಟು ಮಾಡಿದರು ಅನ್ನೋ ನೋವು ಹೋಗಲಿಲ್ಲ. ಎರಡು ವರ್ಷ ಆ ಯಂತ್ರದ ರೀಡಿಂಗ್ ಅನ್ನೇ ಅವರು ನಂಬಲಿಲ್ಲ. ದಿನಾ ಬೆಳಿಗ್ಗೆ ಕ್ಯಾನ್ ಮುಂದೆ ಜಗಳ.

ಅದಕ್ಕೇ ನಮ್ಮ ಶಾಲೆಯ ಎಸ್‌ಡಿಎಂಸಿ ಸಭೆಗೆ ನಾನು ನೋಟಿಸ್ ಬರೆಯುವಾಗ ಕೊನೆಯಲ್ಲಿ ಹೀಗೆ ಸೇರಿಸ್ತೀನಿ: "ಇತರ ವಿಷಯಗಳನ್ನು ಮಾತನಾಡಬಹುದು, ತೀರ್ಮಾನ ಮಾಡುವುದಿಲ್ಲ." ಇದನ್ನು ಓದಿದ ಪೋಷಕರು ನೆಮ್ಮದಿಯಿಂದ ಕೂಲಿಗೆ ಹೋಗ್ತಾರೆ. ತಮಗೆ ಸಂಬಂಧ ಇರೋ ವಿಷಯ ಇದ್ದ ದಿನ ತಪ್ಪದೆ ಬರ್ತಾರೆ.

---

ನ್ಯೂಜೆರ್ಸಿಯಿಂದ

ನಿಮ್ಮ ಬೆಳಿಗ್ಗೆ 10.30 ನಮಗೆ ಈಗ ಚಳಿಗಾಲದಲ್ಲಿ ಶನಿವಾರ ಮಧ್ಯರಾತ್ರಿ 12. ಬೆಂಗಳೂರಿನಲ್ಲಿ ನನ್ನದೂ ಒಂದು ಫ್ಲ್ಯಾಟ್ ಇದೆ (ನಿಮ್ಮ ಅಪಾರ್ಟ್‌ಮೆಂಟ್ ಅಲ್ಲ). ಅಪ್ಪನಿಗೆ ಪ್ರಾಕ್ಸಿ ಕೊಟ್ಟು ಕಳಿಸ್ತೀನಿ. "ಲಿಫ್ಟ್ ವಿಷಯ ಚರ್ಚೆ" ಅಂತ ನೋಟಿಸ್ ಬಂದರೆ ಅಪ್ಪನಿಗೆ ನಾನು ಏನಂತ ಹೇಳಲಿ? ಅವರು ಹೋಗಿ ಕೂತು ಬರ್ತಾರೆ. ಯಾವುದಕ್ಕೆ ಹೌದು ಅನ್ನಬೇಕು, ಯಾವುದಕ್ಕೆ ಬೇಡ ಅನ್ನಬೇಕು ಅಂತ ಗೊತ್ತಾಗೋದು ಠರಾವಿನ ಮಾತು ನೋಟಿಸ್‌ನಲ್ಲೇ ಇದ್ದಾಗ ಮಾತ್ರ. ದೂರ ಇರುವ ಮಾಲೀಕರು ಆಸಕ್ತಿ ತೋರಿಸಲ್ಲ ಅಂತ ದೂರ್ತಾರೆ. ನಮಗೆ ಪ್ರಶ್ನೆಯನ್ನೇ ಕಳಿಸಲ್ಲ.

---

ಪುಣೆ_ಟೀಮ್_ಲೀಡ್

ಆಫೀಸಿನಲ್ಲೂ ಇದೇ ಕಥೆ. ನಮ್ಮ ಕ್ಯಾಲೆಂಡರ್ ತುಂಬ "ಕ್ವಿಕ್ ಸಿಂಕ್", "ಡಿಸ್ಕಷನ್". ಹೋದ ವರ್ಷ ನಮ್ಮ ಹಳೆಯ ಡೇಟಾಬೇಸ್ ಬಿಟ್ಟು ಹೊಸದಕ್ಕೆ ಹೋಗೋದು ಯಾವಾಗ ಅಂತ ತೀರ್ಮಾನ ಆಗಬೇಕಿತ್ತು. "ಡೇಟಾಬೇಸ್ ಚರ್ಚೆ" ಅಂತ 14 ಜನರನ್ನು ಕರೆದೆ. ತೀರ್ಮಾನ ಮಾಡಬೇಕಾದ ಮೇಡಂ ಒಬ್ಬರೇ ಬರಲಿಲ್ಲ. ಅವರಿಗೆ ಅದು ಟೆಕ್ನಿಕಲ್ ಹರಟೆ ಅನ್ನಿಸಿತ್ತು. ನನ್ನ ಶೀರ್ಷಿಕೆ ಓದಿದರೆ ಯಾರಿಗಾದರೂ ಹಾಗೇ ಅನ್ನಿಸ್ತಿತ್ತು.

ಮುಂದಿನ ಸಲ ಶೀರ್ಷಿಕೆ ಹೀಗೆ ಬದಲಾಯಿಸಿದೆ: "ತೀರ್ಮಾನ ಬೇಕು: ಡೇಟಾಬೇಸ್ ಬದಲಾವಣೆ ಮಾರ್ಚ್‌ನಲ್ಲೋ ಜೂನ್‌ನಲ್ಲೋ". ಫೋನ್ ಪರದೆ ಮೇಲೆ ಮೊದಲ ನಾಲ್ಕೈದು ಪದ ಮಾತ್ರ ಕಾಣುತ್ತೆ, ಅದಕ್ಕೆ "ತೀರ್ಮಾನ ಬೇಕು" ಮೊದಲು ಬಂತು. ಒಳಗೆ ಮೊದಲ ಸಾಲಿನಲ್ಲೇ ತೀರ್ಮಾನ ಮಾಡೋರ ಹೆಸರು. 14 ಜನರ ಬದಲು 5 ಜನ. ಉಳಿದವರಿಗೆ ಫಲಿತಾಂಶ ಮೇಲ್ ಮಾಡ್ತೀನಿ ಅಂದೆ. 25 ನಿಮಿಷದಲ್ಲಿ ಮುಗಿಯಿತು.

ತಯಾರಿಯನ್ನೂ ಎಲ್ಲರಿಗೂ ಒಂದೇ ಥರ ಕೇಳಬೇಡಿ. "ಎಲ್ಲರೂ ಓದಿ ಬನ್ನಿ" ಅಂದರೆ ಯಾರೂ ಓದಲ್ಲ. ಟೆಸ್ಟಿಂಗ್ ನೋಡೋ ಹುಡುಗಿಗೆ ನಾನು ಬರೆದದ್ದು: "ಮಾರ್ಚ್‌ನಲ್ಲಿ ಮಾಡಿದರೆ ಟೆಸ್ಟಿಂಗ್‌ಗೆ ಎಷ್ಟು ದಿನ ಬೇಕು, ಒಂದು ಸಂಖ್ಯೆ ತನ್ನಿ. ಆ ಸಂಖ್ಯೆ 20 ದಾಟಿದರೆ ಮಾರ್ಚ್ ಬಿಟ್ಟುಬಿಡ್ತೀವಿ." ತನ್ನ ಉತ್ತರದಿಂದ ಏನಾಗುತ್ತೆ ಅಂತ ಗೊತ್ತಾದ ಮೇಲೆ ಅವಳು ಎರಡು ದಿನ ಕೂತು ಲೆಕ್ಕ ಹಾಕಿ ತಂದಳು.

---

ಲಿಫ್ಟ್_ಕೆಲಸ_ಮಾಡಿದವ

ನಾನು ಲಿಫ್ಟ್ ಅಳವಡಿಸೋ ಕೆಲಸದಲ್ಲಿ ಇದ್ದವನು. ಮೇಡಂ, ಜನ 38 ಪುಟ ಓದಲ್ಲ. ಒಂದು ಪುಟ ಸಾಕು, ಆದರೆ ಆ ಪುಟದಲ್ಲಿ ಸರಿಯಾದ್ದು ಇರಬೇಕು. ನಿಮ್ಮ ಮುಂದೆ ನಿಜಕ್ಕೂ ಎರಡು ದಾರಿ ಇವೆ. ಒಂದು, ಕಂಟ್ರೋಲರ್, ಡ್ರೈವ್, ಬಾಗಿಲಿನ ಮೋಟಾರು, ರೋಪ್ ಬದಲಾಯಿಸಿ ರೈಲು, ಕೌಂಟರ್‌ವೇಟ್ ಹಳೆಯದೇ ಇಟ್ಟುಕೊಳ್ಳೋದು. ಎರಡು, ಎಲ್ಲ ತೆಗೆದು ಹೊಸದು.

ಕಂಪನಿಯವರು ಕೊಟೇಶನ್‌ನಲ್ಲಿ ಮೋಟಾರಿನ ಕಿಲೋವ್ಯಾಟ್ ಎಲ್ಲ ಬರೆದಿರ್ತಾರೆ. ಮನೆಯವರಿಗೆ ಬೇಕಾದ್ದು ಬೇರೆ. ತೆರಿಗೆ ಸೇರಿ ಎಷ್ಟು? ಲಿಫ್ಟ್ ಎಷ್ಟು ದಿನ ನಿಂತಿರುತ್ತೆ? ವಾರಂಟಿ ಎಷ್ಟು ವರ್ಷ? ಬಾಗಿಲ ಚೌಕಟ್ಟು ಒಡೆದು ಗಾರೆ ಹಾಕೋ ಕೆಲಸ ಈ ರೇಟಿನಲ್ಲಿ ಇದೆಯಾ? ಈ ಕೊನೆಯದನ್ನು ತಪ್ಪದೆ ಕೇಳಿ. ತುಂಬ ಕಡೆ ಆ ಕೆಲಸ ಮಾಲೀಕರ ತಲೆಗೆ ಬರುತ್ತೆ, ನಿಮ್ಮ "33.04 ಮೀರದಂತೆ" ಅನ್ನೋ ಠರಾವು ಎರಡೇ ತಿಂಗಳಲ್ಲಿ ಮುರಿಯುತ್ತೆ. ಹೊಸದಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಯಾರು ಮಾಡಿಸಿಕೊಡ್ತಾರೆ ಅಂತಾನೂ ಬರೆಸಿಕೊಳ್ಳಿ.

ದಿನಗಳ ಲೆಕ್ಕ ಮೇಲಿನ ಮಹಡಿಯವರಿಗೆ ದುಡ್ಡಿಗಿಂತ ಮುಖ್ಯ. ಐದನೇ ಮಹಡಿಯಲ್ಲಿ ಮಂಡಿ ನೋವಿನವರು ಇದ್ದರೆ 20 ದಿನ ಬೇರೆ, 50 ದಿನ ಬೇರೆ.

---

ಬಿ_ಬ್ಲಾಕ್_ಕಾರ್ಯದರ್ಶಿ

ಮೂರು ದಿನ ಓಡಾಡಿ ಬಂದೆ.

ಬೈಲಾದಲ್ಲಿ ಸ್ಪಷ್ಟವಾಗಿದೆ. ಲಿಫ್ಟ್ ಎಲ್ಲರ ಸ್ವತ್ತು, ಖರ್ಚು ಮನೆಯ ವಿಸ್ತೀರ್ಣದ ಪ್ರಕಾರ. ನೆಲಮಹಡಿಗೆ ವಿನಾಯಿತಿ ಇಲ್ಲ. ನಮ್ಮಲ್ಲಿ 1,100 ಚದರ ಅಡಿಯ 30 ಮನೆ, 1,500ರ 30 ಮನೆ. ಒಟ್ಟು 78,000 ಚದರ ಅಡಿ. 14.04 ಲಕ್ಷವನ್ನು ಹಂಚಿದರೆ ಚದರ ಅಡಿಗೆ 18 ರೂಪಾಯಿ. ಚಿಕ್ಕ ಮನೆಗೆ 19,800, ದೊಡ್ಡ ಮನೆಗೆ 27,000. ಸಮನಾಗಿ 23,400 ಅಂತ ನಾನು ಹೇಳಿಕೊಂಡು ತಿರುಗಿದ್ದೇ ತಪ್ಪಾಗಿತ್ತು. ಗಾರೆ ಕೆಲಸ ಮತ್ತು ಪರವಾನಗಿ ರೇಟಿನಲ್ಲೇ ಸೇರಿದೆ ಅಂತ ಕಂಪನಿಯವರಿಂದ ಬರೆಸಿಕೊಂಡೆ.

ನಮ್ಮ ಬೈಲಾ ಪ್ರಕಾರ 14 ದಿನದ ನೋಟಿಸ್ ಬೇಕು. ಕರಡು ಇದು, ದಯವಿಟ್ಟು ನೋಡಿ:

> ತೀರ್ಮಾನ ಬೇಕು: ಎರಡೂ ಲಿಫ್ಟ್ ಹೊಸದೋ, ಭಾಗ ಬದಲಾವಣೆಯೋ
>
> ಫೆಬ್ರವರಿ 15, ಭಾನುವಾರ ಬೆಳಿಗ್ಗೆ 10.30ರಿಂದ 12. ಕ್ಲಬ್ ಹೌಸ್.
>
> ಯಾಕೆ: ಲಿಫ್ಟ್‌ಗಳಿಗೆ 16 ವರ್ಷ. ಕಳೆದ ತಿಂಗಳು ಎ ಬ್ಲಾಕಿನದು ನಾಲ್ಕು ಸಲ ಜನ ಒಳಗಿದ್ದಾಗ ನಿಂತಿದೆ. ಈಗಿನ ಮೆಂಟೆನೆನ್ಸ್ ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ.
>
> ಸಭೆ ತೀರ್ಮಾನಿಸಬೇಕಾದ್ದು ಒಂದೇ: ಕೆಳಗಿನ ಎರಡರಲ್ಲಿ ಯಾವುದು?
>
> ಠರಾವು 1: ಎರಡೂ ಲಿಫ್ಟ್ ಪೂರ್ತಿ ಹೊಸದು. ತೆರಿಗೆ ಸೇರಿ 33.04 ಲಕ್ಷ ಮೀರದಂತೆ. ನಿಧಿಯಿಂದ 19 ಲಕ್ಷ, ಉಳಿದ 14.04 ಲಕ್ಷ ಸದಸ್ಯರಿಂದ ಮಾರ್ಚ್ 15ರೊಳಗೆ. ಚಿಕ್ಕ ಮನೆಗೆ 19,800, ದೊಡ್ಡ ಮನೆಗೆ 27,000. ಪ್ರತಿ ಲಿಫ್ಟ್ 50 ದಿನ ನಿಲ್ಲುತ್ತದೆ.
>
> ಠರಾವು 2: ಕಂಟ್ರೋಲರ್, ಡ್ರೈವ್, ಬಾಗಿಲಿನ ಯಂತ್ರ, ರೋಪ್ ಮಾತ್ರ ಹೊಸದು. ತೆರಿಗೆ ಸೇರಿ 17 ಲಕ್ಷ ಮೀರದಂತೆ, ಪೂರ್ತಿ ನಿಧಿಯಿಂದ. ಸದಸ್ಯರು ಈಗ ಏನೂ ಕೊಡಬೇಕಿಲ್ಲ. ಪ್ರತಿ ಲಿಫ್ಟ್ 20 ದಿನ ನಿಲ್ಲುತ್ತದೆ.
>
> ಎರಡರಲ್ಲೂ ಒಂದು ಬ್ಲಾಕಿನ ಕೆಲಸ ಮುಗಿದ ಮೇಲೇ ಇನ್ನೊಂದು. ಆರ್ಡರ್‌ಗೆ ಅಧ್ಯಕ್ಷರು ಮತ್ತು ಖಜಾಂಚಿ ಸಹಿ ಹಾಕುತ್ತಾರೆ.
>
> ತಿಳುವಳಿಕೆಗೆ, ತೀರ್ಮಾನಕ್ಕಲ್ಲ: ಖರ್ಚಿನ ಪಾಲು ಬೈಲಾದಲ್ಲಿ ನಿಗದಿಯಾಗಿದೆ, ಆ ಪುಟದ ಪ್ರತಿ ಜೊತೆಗಿದೆ. ಬದಲಾಗಬೇಕೆಂದರೆ ಬೈಲಾ ತಿದ್ದುಪಡಿಗೆ ಬೇರೆ ಸಭೆ ಕೇಳಬಹುದು.
>
> ನಿಮ್ಮ ತಯಾರಿ, 10 ನಿಮಿಷ: ಜೊತೆಗಿರುವ ಒಂದು ಪುಟದ ಹೋಲಿಕೆ ಓದಿ. ಮನೆಯಲ್ಲಿ ಮೆಟ್ಟಿಲು ಹತ್ತಲಾಗದವರು ಇದ್ದರೆ ಫೆಬ್ರವರಿ 10ರೊಳಗೆ ನನಗೆ ತಿಳಿಸಿ. ಯಾವ ಬ್ಲಾಕಿನ ಕೆಲಸ ಮೊದಲು ಅನ್ನುವುದನ್ನು ಆ ಲೆಕ್ಕದ ಮೇಲೆ ಇಡುತ್ತೇವೆ. ಬರಲಾಗದಿದ್ದರೆ ಪ್ರಾಕ್ಸಿ ಪತ್ರದಲ್ಲಿ 1 ಅಥವಾ 2 ಎಂದು ಬರೆದುಕೊಡಿ.

---

ಮೂರನೇ_ಮಹಡಿ

ಚೆನ್ನಾಗಿದೆ, ಆದರೆ ಒಬ್ಬ ಸಾಮಾನ್ಯ ಸದಸ್ಯನಾಗಿ ಹೇಳ್ತೀನಿ. ಎರಡೇ ಠರಾವು ಬರೆದು ಕಳಿಸಿದರೆ ಕಮಿಟಿಯವರು ಎಲ್ಲ ಮೊದಲೇ ಮುಗಿಸಿ ನಮ್ಮನ್ನು ಬೆರಳೆತ್ತೋಕೆ ಕರೆದ ಹಾಗೆ ಕಾಣುತ್ತೆ. ಮೂರನೇ ದಾರಿ ನನಗೆ ಹೊಳೆದರೆ ಎಲ್ಲಿ ಹೇಳಲಿ?

---

ನಡಾವಳಿ_ಪುಸ್ತಕ

ನ್ಯಾಯವಾದ ಪ್ರಶ್ನೆ. ಅದಕ್ಕೆ ಸಭೆಗಿಂತ ಮೊದಲೇ ಒಂದು ತಾರೀಖು ಕೊಡಿ. "ಬೇರೆ ಪ್ರಸ್ತಾವ ಇದ್ದರೆ ಜನವರಿ 27ರೊಳಗೆ ಬರೆದು ಕೊಡಿ, ನೋಟಿಸ್‌ನಲ್ಲಿ ಸೇರಿಸುತ್ತೇವೆ" ಅಂತ ಇವತ್ತೇ ಗ್ರೂಪ್‌ನಲ್ಲಿ ಹಾಕಿ. ಸಭೆಯಲ್ಲಿ ಹೊಸ ಠರಾವು ಹುಟ್ಟಿದರೆ ಪ್ರಾಕ್ಸಿ ಕೊಟ್ಟವರ ಮತ ಅದಕ್ಕೆ ಲೆಕ್ಕ ಹಾಕೋಕೆ ಆಗಲ್ಲ. ನ್ಯೂಜೆರ್ಸಿಯವರಂಥ ಮಾಲೀಕರು 1 ಅಂತ ಬರೆದುಕೊಟ್ಟಿರ್ತಾರೆ, ಸಭೆ ಮೂರನೆಯದನ್ನು ಹಿಡಿದರೆ ಅವರ ಅಪ್ಪ ಏನು ಮಾಡಬೇಕು?

ಕರಡಿನಲ್ಲಿ ನನಗೆ ಕೊರತೆ ಕಂಡದ್ದು ಎರಡು. ತೀರ್ಮಾನ ಆಗದಿದ್ದರೆ ಏನಾಗುತ್ತೆ ಅಂತ ಬರೆದಿಲ್ಲ. ಮಾರ್ಚ್ 31 ಅಂತ ಬರೆದಿದ್ದೀರಿ, ಏಪ್ರಿಲ್ 1ಕ್ಕೆ ಏನು? ಮತ್ತೆ, ಕೊಟೇಶನ್ ಎಲ್ಲಿವರೆಗೆ ನಿಲ್ಲುತ್ತೆ?

ದಿನದ ಲೆಕ್ಕ: ಫೆಬ್ರವರಿ 15ರ ಸಭೆಗೆ ಜನವರಿ 31ರಂದು ಕೊಟ್ಟರೆ ಮಧ್ಯೆ ಸರಿಯಾಗಿ 14 ದಿನ. ಒಂದು ದಿನ ತಡ ಆದರೂ ಕಮ್ಮಿ ಬೀಳುತ್ತೆ. 30ಕ್ಕೇ ಕೊಟ್ಟುಬಿಡಿ.

---

ಪುಣೆ_ಟೀಮ್_ಲೀಡ್

ನನಗೆ ಇನ್ನೊಂದು ಅನ್ನಿಸುತ್ತೆ. ಕಮಿಟಿ ಇಷ್ಟು ದಿನ ಇದರಲ್ಲಿ ಓಡಾಡಿದೆ. ನಿಮಗೆ ಯಾವುದು ಸರಿ ಅನ್ನಿಸಿದೆಯೋ ಅದನ್ನು ಕಾರಣ ಸಮೇತ ನೋಟಿಸ್‌ನಲ್ಲೇ ಬರೆಯಿರಿ. ಜನಕ್ಕೆ ಒಪ್ಪೋಕೂ ವಿರೋಧಿಸೋಕೂ ಒಂದು ಹಿಡಿತ ಸಿಗುತ್ತೆ.

---

ಮೂರನೇ_ಮಹಡಿ

ಆಫೀಸಿನಲ್ಲಿ ಸರಿ. ಇಲ್ಲಿ ಎಲ್ಲರೂ ಸಮಾನ ಮಾಲೀಕರು. ಕಮಿಟಿಯ ಶಿಫಾರಸು ಬರೆದ ಕ್ಷಣ ಅದು ಕಮಿಟಿ ಪರ, ಕಮಿಟಿ ವಿರುದ್ಧ ಅಂತ ಆಗುತ್ತೆ. ಲಿಫ್ಟ್ ವಿಷಯ ಹಿಂದೆ ಸರಿಯುತ್ತೆ.

---

ಹಾಸನದ_ಮೇಷ್ಟ್ರು

ಇದರಲ್ಲಿ ನಾನು ಮೂರನೇ ಮಹಡಿಯವರ ಕಡೆ. ಆದರೆ ಶಿಫಾರಸು ಇಟ್ಟುಕೊಂಡು ಇಲ್ಲ ಅನ್ನೋದೂ ಸರಿಯಲ್ಲ. ಸಭೆಯಲ್ಲಿ ಕೇಳಿದರೆ ಹೇಳ್ತೀವಿ ಅಂತ ಬರೆಯಬಹುದು.

---

ನಡಾವಳಿ_ಪುಸ್ತಕ

ಕಂಪನಿ ನೋಟಿಸ್‌ನಲ್ಲಿ ಬೋರ್ಡ್ ಶಿಫಾರಸು ಮಾಡುತ್ತದೆ ಅಂತ ಬರೆಯೋದು ರೂಢಿ. ಸಂಘದಲ್ಲಿ ಎರಡೂ ಥರ ಬರೆದು ಎರಡೂ ಥರದ ಫಲ ನೋಡಿದ್ದೀನಿ. ನನ್ನ ಹತ್ತಿರ ಇದಕ್ಕೆ ಒಂದೇ ಉತ್ತರ ಇಲ್ಲ. ಒಂದು ಮಾತ್ರ ಬಿಡಬೇಡಿ. ಕಮಿಟಿಯಲ್ಲಿ ಯಾರಿಗಾದರೂ ಆ ಲಿಫ್ಟ್ ಕಂಪನಿಯಲ್ಲಿ ಸಂಬಂಧಿಕರು ಇದ್ದರೆ, ಸಂಬಂಧ ಇದೆ ಅಂತ ನೋಟಿಸ್‌ನಲ್ಲೇ ಹೇಳಿಬಿಡಿ.

---

ಬಿ_ಬ್ಲಾಕ್_ಕಾರ್ಯದರ್ಶಿ

ಹೊಸ ಸಾಲುಗಳನ್ನು ಸೇರಿಸಿದೆ: "ತೀರ್ಮಾನ ಆಗದಿದ್ದರೆ: ಮೆಂಟೆನೆನ್ಸ್ ಕಂಪನಿ ಏಪ್ರಿಲ್ 1ರಿಂದ ಬಿಡಿಭಾಗ ಸೇರಿದ ಒಪ್ಪಂದ ಕೊಡುವುದಿಲ್ಲ ಎಂದು ಪತ್ರ ಬರೆದಿದೆ. ಆಮೇಲೆ ಪ್ರತಿ ರಿಪೇರಿಗೂ ಬಿಡಿಭಾಗದ ಹಣ ಬೇರೆ. ಎರಡೂ ಕೊಟೇಶನ್ ಫೆಬ್ರವರಿ 28ರವರೆಗೆ ಮಾತ್ರ." ಶಿಫಾರಸು ಬರೆಯಲಿಲ್ಲ, ಕಮಿಟಿಯಲ್ಲೇ ಒಮ್ಮತ ಇರಲಿಲ್ಲ. ಬೇರೆ ಪ್ರಸ್ತಾವ ಕೇಳಿದೆ, ಯಾರೂ ಕೊಡಲಿಲ್ಲ. ನೋಟಿಸ್ ಮತ್ತು ಹೋಲಿಕೆಯ ಪುಟ 30ಕ್ಕೆ ಹೋಯಿತು.

---

ಬಿ_ಬ್ಲಾಕ್_ಕಾರ್ಯದರ್ಶಿ

ಇವತ್ತು ಸಭೆ ಆಯಿತು. 38 ಮನೆಯವರು ಬಂದರು, 7 ಪ್ರಾಕ್ಸಿ. 10.40ಕ್ಕೆ ಶುರು, 11.50ಕ್ಕೆ ಮುಗಿಯಿತು. ಹೊಸ ಲಿಫ್ಟ್‌ಗೆ 27, ಭಾಗ ಬದಲಾವಣೆಗೆ 13, ಐದು ಮನೆಯವರು ಯಾವುದಕ್ಕೂ ಇಲ್ಲ. ಆ ಐದೂ ನೆಲಮಹಡಿಯವು.

ಪಾಲಿನ ವಿಷಯ ಬಂತು. ಬೈಲಾದ ಪುಟ ಎಲ್ಲರ ಕೈಯಲ್ಲಿ ಇತ್ತು. ಐದು ನಿಮಿಷ ಬಿಸಿ ಆಯಿತು, ಆಮೇಲೆ ಅವರೇ ತಿದ್ದುಪಡಿ ಸಭೆಗೆ ಅರ್ಜಿ ಕೊಡ್ತೀವಿ ಅಂದರು. ಕೊಡಲಿ, ಅದು ಅವರ ಹಕ್ಕು.

ಮೆಟ್ಟಿಲು ಹತ್ತಲಾಗದವರ ಲೆಕ್ಕ ಕೇಳಿದ್ದಕ್ಕೆ 9 ಮನೆಯಿಂದ ಉತ್ತರ ಬಂತು. ಅದರಲ್ಲಿ 6 ಎ ಬ್ಲಾಕ್. ಆ ಡಯಾಲಿಸಿಸ್ ಹಿರಿಯರ ಮಗಳು 50 ದಿನ ಮೊದಲ ಮಹಡಿಯಲ್ಲಿ ಬಾಡಿಗೆಗೆ ಯಾವುದಾದರೂ ಮನೆ ಸಿಗುತ್ತಾ ಅಂತ ಕೇಳಿದ್ದರು. ಸಭೆಗೆ ಮೊದಲೇ ಗೊತ್ತಿದ್ದರಿಂದ ಖಾಲಿ ಇರೋ ಒಂದು ಮನೆಯ ಮಾಲೀಕರನ್ನು ಒಪ್ಪಿಸಿ ಇಟ್ಟಿದ್ದೆವು.

ತಪ್ಪಿದ್ದು ಒಂದು. ಬಾಡಿಗೆಗೆ ಕೊಟ್ಟಿರೋ ನಾಲ್ಕು ಮನೆಗಳ ನೋಟಿಸನ್ನು ಬಾಡಿಗೆದಾರರ ಕೈಗೆ ಕೊಟ್ಟಿದ್ದೆವು. ಮಾಲೀಕರಿಗೆ ತಲುಪಲೇ ಇಲ್ಲ. ಅವರಲ್ಲಿ ಒಬ್ಬರು ಸಂಜೆ ಫೋನ್ ಮಾಡಿ ಬೇಜಾರು ಮಾಡಿಕೊಂಡರು. ಇನ್ನೊಂದು, ಸಭೆಯಲ್ಲಿ ಒಬ್ಬರು ಎ ಬ್ಲಾಕಿನದು ಮಾತ್ರ ಈಗ ಹೊಸದು ಮಾಡೋಣ, ಬಿ ಮುಂದಿನ ವರ್ಷ ಅಂದರು. ಒಳ್ಳೆಯ ಯೋಚನೆಯೇ ಇರಬಹುದು. ನೋಟಿಸ್‌ನಲ್ಲಿ ಇಲ್ಲ ಅಂತ ಅಧ್ಯಕ್ಷರು ಮತಕ್ಕೆ ಹಾಕಲಿಲ್ಲ. ಆಗ ಅವರ ಮುಖ ಬಾಡಿತು. ನಾವು ಮಾಡಿದ್ದು ಸರಿಯಾ?

---

ಲಿಫ್ಟ್_ಕೆಲಸ_ಮಾಡಿದವ

ಎರಡನ್ನೂ ಒಟ್ಟಿಗೆ ಆರ್ಡರ್ ಮಾಡಿದರೆ ಸಿಗೋ ರೇಟ್ ಒಂದಕ್ಕೆ ಸಿಗಲ್ಲ. ಅವರ ಪ್ರಸ್ತಾವಕ್ಕೆ ಬೇರೆ ಕೊಟೇಶನ್ನೇ ಬೇಕಿತ್ತು. ಸಂಖ್ಯೆ ಇಲ್ಲದೆ ಮತ ಹಾಕೋದು ಹೇಗೆ?

---

ಮೂರನೇ_ಮಹಡಿ

ಆದರೂ ಅವರಿಗೆ ಮಾತಾಡೋಕೆ ಹತ್ತು ನಿಮಿಷ ಕೊಡಬಹುದಿತ್ತು. ಜನವರಿ 27ರೊಳಗೆ ಪ್ರಸ್ತಾವ ಕೊಡಿ ಅನ್ನೋ ಸಂದೇಶ ಅವರು ನೋಡಿರಲಿಕ್ಕಿಲ್ಲ. ಗ್ರೂಪ್‌ನಲ್ಲಿ ದಿನಕ್ಕೆ ನೂರು ಗುಡ್ ಮಾರ್ನಿಂಗ್ ಬರುತ್ತೆ.

---

ನಡಾವಳಿ_ಪುಸ್ತಕ

ಮತಕ್ಕೆ ಹಾಕದೇ ಇದ್ದದ್ದು ಸರಿ. ಅವರ ಮಾತನ್ನು ನಡಾವಳಿಯಲ್ಲಿ ಬರೆದುಕೊಂಡಿದ್ದೀರಾ? ಇಲ್ಲದಿದ್ದರೆ ಇವತ್ತೇ ಸೇರಿಸಿ, ಅವರಿಗೂ ಒಂದು ಪ್ರತಿ ಕಳಿಸಿ.

ಆ ನಾಲ್ಕು ಮಾಲೀಕರ ವಿಷಯ ಅದಕ್ಕಿಂತ ಗಂಭೀರ. ಆರ್ಡರ್‌ಗೆ ಸಹಿ ಹಾಕುವ ಮೊದಲು ಬೈಲಾದಲ್ಲಿ ನೋಟಿಸ್ ತಲುಪಿಸುವ ವಿಧಾನ ಏನಿದೆ ನೋಡಿ. ಫ್ಲ್ಯಾಟ್ ವಿಳಾಸಕ್ಕೆ ಕೊಟ್ಟರೆ ಸಾಕು ಅಂತ ಇದ್ದರೆ ನೀವು ಸರಿ. ಮಾಲೀಕರ ನೋಂದಾಯಿತ ವಿಳಾಸಕ್ಕೆ ಅಂತ ಇದ್ದರೆ ನನಗೆ ಇಲ್ಲೇ ಬರೆಯಿರಿ. 28ರೊಳಗೆ ಇನ್ನೊಂದು 14 ದಿನದ ನೋಟಿಸ್‌ಗೆ ಸಮಯ ಇಲ್ಲ, ಹಾಗಾಗಿ ಕಂಪನಿಗೆ ಕೊಟೇಶನ್ ಮಾರ್ಚ್ 15ರವರೆಗೆ ಇಡೋಕೆ ನಾಳೆಯೇ ಮೇಲ್ ಮಾಡಿಬಿಡಿ.

---

ಬಿ_ಬ್ಲಾಕ್_ಕಾರ್ಯದರ್ಶಿ

ಮೇಲ್ ಕಳಿಸಿದೆ ಸರ್. ಬೈಲಾ ಖಜಾಂಚಿಯವರ ಮನೆಯಲ್ಲಿದೆ, ಬೆಳಿಗ್ಗೆ ಹೋಗಿ ಆ ಪುಟದ ಫೋಟೋ ಹಾಕ್ತೀನಿ.